ಭಿಕ್ಷೆಯ ಕಡಲೆ

ಮೂಟೆ ಬಿಚ್ಚಿದ ಕೂಡಲೇ ಚೆಲುವಮ್ಮನ ಮುಖ ಬಾಡಿತು. ಹುಣಸೂರಿನ ಆ ಉಚಿತ ವಿದ್ಯಾರ್ಥಿನಿಲಯಕ್ಕೆ ಅಡುಗೆಯವಳಾಗಿ ಅವಳು ಬಂದು ಹದಿನೆಂಟು ದಿನವಾಗಿತ್ತು. ಹಿತ್ತಲ ಕೋಣೆಯಲ್ಲಿ ಕಾಲು ಬಿದ್ದುಹೋದ ಗಂಡ ಹುಚ್ಚಯ್ಯ ಮಲಗಿದ್ದ. ಈ ಕೆಲಸ ಹೋದರೆ ಆ ಕೋಣೆಯೂ ಹೋಗುತ್ತಿತ್ತು.

ನಿಲಯದ ಹುಡುಗರು ಮನೆಮನೆ ತಿರುಗಿ ಭಿಕ್ಷೆ ಎತ್ತಿ ತಂದ ಕಡಲೆ ಅದು. ಎಲ್ಲವೂ ಒಂದೇ ಮೂಟೆಗೆ ಬಿದ್ದಿತ್ತು. ಅರ್ಧ ಈ ಸುಗ್ಗಿಯ ತಿಳಿ ಬಣ್ಣದ ಕಾಳು. ಉಳಿದರ್ಧ ಕಾಳಿನ ಮಂಡಿ ವ್ಯಾಪಾರಿ ನೀಲಕಂಠಸ್ವಾಮಿಗಳ ದಾನ. ತಗಡಿನ ಗೋದಾಮಿನ ಸೆಕೆಯಲ್ಲಿ ನಾಲ್ಕು ಮಳೆಗಾಲ ಕಳೆದು ಕಪ್ಪಿಟ್ಟದ್ದು.

"ಬುದ್ಧಿ, ಹಳೇದೂ ಹೊಸದೂ ಒಂದೇ ಸಮ ಬೇಯಾಕಿಲ್ಲ. ಆರಿಸಿ ಬೇರೆ ಬೇರೆ ಬೇಯಿಸ್ತೀನಿ" ಎಂದಳು.

"ಭಿಕ್ಷೆ ಕಾಳಲ್ಲಿ ಇವರ್ದು ಅವರ್ದು ಅಂತ ಬೇರೆ ಮಾಡಬಾರ್ದು ಕಣಮ್ಮ" ಎಂದರು ಮೇಲ್ವಿಚಾರಕ ಶಿವನಂಜಪ್ಪ. "ನಾಳೆ ಸ್ವಾಮಿಗಳೇ ಪಂಕ್ತಿಗೆ ಬತ್ತಾರೆ. ಅವರೆದುರಿಗೆ ಎರಡು ಪಾತ್ರೆ ಇಡ್ತೀಯಾ?"

ಬಾವಿಯದು ಸವುಳು ನೀರು, ಅದರಲ್ಲಿ ಯಾವ ಕಾಳೂ ಮೆತ್ತಗಾಗುವುದಿಲ್ಲ. ಹಾಗಾಗಿ ಲಕ್ಷ್ಮಣತೀರ್ಥ ಹೊಳೆಯಿಂದ ಐದು ಕೊಡ ನೀರು ಹೊತ್ತು ತಂದು ಎಲ್ಲವನ್ನೂ ಒಟ್ಟಿಗೇ ನೆನೆ ಹಾಕಿದಳು. ಬೆಳಿಗ್ಗೆ ಎಲ್ಲವೂ ಊದಿದ್ದವು. ಒಲೆ ಹಚ್ಚಿದಳು. ಉಪ್ಪು, ಹುಣಸೆ ಹತ್ತಿರಕ್ಕೂ ತರಲಿಲ್ಲ. ಹುಳಿ ಮೊದಲೇ ಬಿದ್ದರೆ ಕಾಳು ಬಿಗಿದುಕೊಳ್ಳುತ್ತದೆ.

ಎರಡು ಗಂಟೆ ಕುದಿಯಿತು. ಹೊಸ ಕಾಳು ಬೆರಳಲ್ಲಿ ಹಿಸುಕಿದರೆ ಬೆಣ್ಣೆ. ಹಳೆಯದು ನೀರು ಕುಡಿದು ದಪ್ಪವಾಗಿತ್ತೇ ಹೊರತು ಒಳಗೆ ಹಸಿ ಕೊಬ್ಬರಿಯಂತೆ ಗಟ್ಟಿ. ಚಿಟಿಕೆ ಅಡುಗೆ ಸೋಡ ಹಾಕಿದಳು. ಇನ್ನೊಂದು ಗಂಟೆಗೆ ಹೊಸದು ಕರಗಿ ಅಂಬಲಿಯಾಯಿತು. ಹಳೆಯದು ಅದರ ತಳದಲ್ಲಿ ಹರಳಿನ ಹಾಗೆ ಕೂತಿತ್ತು. ಅಷ್ಟರಲ್ಲಿ ಎಲೆ ಹಾಕಿದ್ದರು.

ನೀಲಕಂಠಸ್ವಾಮಿಗಳು ಮೊದಲ ತುತ್ತಿಗೇ ಕಟಕ್ಕೆಂದು ಕಡಿದರು. ಕಾಳಿನ ಜೊತೆ ದವಡೆ ಹಲ್ಲಿನ ಚೂರೊಂದು ಎಲೆಗೆ ಬಿತ್ತು. ಸಾಲಿನಲ್ಲಿ ಹುಡುಗರು ಕಿಸಕ್ಕೆಂದರು. ಒಬ್ಬ ಕಾಳನ್ನು ಬೆರಳಲ್ಲಿ ಚಿಮ್ಮಿ ಅವಳ ಬೆನ್ನಿಗೆ ಹೊಡೆದ. "ಗೋಲಿ ಬೇಯಿಸವ್ಳೆ ಕಣ್ಲಾ!"

"ಏನಮ್ಮಾ, ನಮ್ಮ ಕಡಲೇನ ಹಾಳು ಮಾಡ್ದೆಯಲ್ಲ!" ಸ್ವಾಮಿಗಳು ರಕ್ತ ಉಗಿದು ಎದ್ದರು.

ಅವರ ಗಾಡಿ ಹೊರಟ ಮೇಲೆ ಚೆಲುವಮ್ಮ ಎರಡೂ ಕಾಳುಗಳನ್ನು ಅಂಗೈಲಿ ಹಿಡಿದು ಶಿವನಂಜಪ್ಪನ ಮುಂದೆ ನಿಂತಳು. "ನೋಡಿ ಬುದ್ಧಿ, ಇದು ಅವರ ಗೋದಾಮಿಂದು. ಇಡೀ ದಿನ ಬೇಯ್ಸಿದ್ರೂ ಬೇಯಾಕಿಲ್ಲ. ನನ್ನ ತಪ್ಪಲ್ಲ."

ಶಿವನಂಜಪ್ಪ ಒಂದು ಕಪ್ಪು ಕಾಳನ್ನು ಉಗುರಿನಿಂದ ಒತ್ತಿ ನೋಡಿದರು.

"ಗೊತ್ತು ಕಣಮ್ಮ. ಮೂಟೆ ಇಳಿಸಿದಾಗ್ಲೇ ಗೊತ್ತಿತ್ತು."

"ಮತ್ತೆ?"

"ಈ ನಿಲಯದ ಸೂರಿಗೆ ಹೆಂಚು ಹಾಕಿಸಿಕೊಟ್ಟೋರು ಅವರು. ಹಲ್ಲು ಮುರೀತಲ್ಲ, ಯಾರಾದ್ರೂ ತಪ್ಪು ಹೊತ್ಕೋಬೇಕು." ಕಾಳನ್ನು ಎಸೆದು ಕೈ ಒರೆಸಿಕೊಂಡರು. "ಹೊತ್ತು ಮುಳುಗೋದ್ರೊಳಗೆ ಕೋಣೆ ಖಾಲಿ ಮಾಡು. ಗಂಡನ್ನ ಹೊರಾಕೆ ಇಬ್ಬರು ಹುಡುಗರನ್ನ ಕಳಿಸ್ತೀನಿ, ಗೇಟಿನ ತನಕ."