ಕಮಲಾಪುರದ ಮಿಸ್ಡ್ ಕಾಲ್

ಸ್ಟೇಶನ್ ಬಜಾರದ ನಮ್ಮ ಜಾಹೀರಾತು ಆಫೀಸಿನಲ್ಲಿ ಕೂತು ನಾನೊಂದು ಜಾಣ ವರದಿ ಬರೆದೆ. ಆ ಜಾಣತನಕ್ಕಿಷ್ಟು ಬೆಂಕಿ ಬೀಳಲಿ.

ನಂದೂರಿನ ಅಣವೀರಪ್ಪನವರು ಜೋಳದ ರೊಟ್ಟಿ ಮಾಡುವ ಯಂತ್ರ ತಯಾರಿಸುತ್ತಾರೆ. ಅದರ ಜಾಹೀರಾತು ಮೊಬೈಲಿನಲ್ಲೂ ಕಂಪ್ಯೂಟರಿನಲ್ಲೂ ಎರಡು ಭಾಷೆಯಲ್ಲಿ ಓಡುತ್ತಿತ್ತು. ಕನ್ನಡದ್ದನ್ನು ಬರೆಯುತ್ತಿದ್ದವಳು ಮಲ್ಲಿಕಾ, ಕಮಲಾಪುರದಿಂದ ದಿನಾ ಬಸ್ಸಿಗೆ ಬರುವವಳು. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಕನ್ನಡ ಜಾಹೀರಾತಿನ ಚಿತ್ರದಲ್ಲಿ ಅಚ್ಚಾಗಿದ್ದ ನಂಬರಿನ ಫೋನೂ ಅವಳ ಮೇಜಿನ ಮೇಲೇ ಇರುತ್ತಿತ್ತು.

ವರದಿಗಾಗಿ ಜಾಹೀರಾತಿನ ಲೆಕ್ಕವನ್ನು ಭಾಷೆ, ಊರು, ಸಾಧನದ ಪ್ರಕಾರ ಬೇರೆ ಬೇರೆ ಮಾಡಿ ನೋಡಿದೆ. ಬೆಂಗಳೂರು, ಇಂಗ್ಲಿಷ್, ಕಂಪ್ಯೂಟರ್: ಜಾಹೀರಾತು ಒತ್ತಿ ಒಳಗೆ ಬಂದ ನೂರರಲ್ಲಿ ಆರು ಜನ ಆರ್ಡರ್ ಫಾರ್ಮ್ ತುಂಬಿದ್ದರು. ಕಮಲಾಪುರ, ಕನ್ನಡ, ಮೊಬೈಲ್: ಒತ್ತಿದವರು ಬಹಳ, ತುಂಬಿದವರು ನೂರಕ್ಕೆ ಒಬ್ಬರೂ ಇಲ್ಲ. ಎರಡಕ್ಕೂ ಫಾರ್ಮ್ ಒಂದೇ, ಇಂಗ್ಲಿಷಿನದು. ಮಾಡಿದ್ದು ನಾನೇ.

"ಸರ್, ನಮ್ಮ ಕಡೆ ಮಂದಿ ಫಾರ್ಮ್ ತುಂಬಂಗಿಲ್ರಿ. ಮಿಸ್ಡ್ ಕಾಲ್ ಕೊಡ್ತಾರ, ನಾ ತಿರುಗಿ ಮಾತಾಡಿ ಹೆಸರು ನಂದೂರಿಗೆ ಹೇಳ್ತೀನ್ರಿ," ಎಂದಿದ್ದಳು ಮಲ್ಲಿಕಾ.

"ಅದು ರಿಪೋರ್ಟಿನಾಗ ಬರಂಗಿಲ್ಲವ್ವಾ," ಎಂದು ನಕ್ಕಿದ್ದೆ.

ವರದಿಯ ಕೊನೆಗೆ 'ಕನ್ನಡ ನಿಲ್ಲಿಸುವುದು ಒಳಿತು' ಎಂದು ಬರೆದೆ. ನಮ್ಮ ಆಫೀಸಿನ ಮಾಲೀಕರು ಕನ್ನಡ ನಿಲ್ಲಿಸಿದರು, ಮಲ್ಲಿಕಾಳನ್ನೂ ಬಿಡಿಸಿದರು. ಅವಳ ಮೇಜಿನ ಆ ಫೋನನ್ನು ನಾನೇ ಬಂದ್ ಮಾಡಿ ಡ್ರಾಯರಿಗೆ ಎಸೆದೆ. ಅವಳನ್ನು ಬಿಡಿಸಿದ ವಾರವೇ ನನ್ನ ಮೊಬೈಲಿಗೆ ಅವಳ ನಂಬರಿನಿಂದ ಒಂದೇ ಒಂದು ರಿಂಗ್ ಬಂದು ನಿಂತಿತು. ಕೈ ತಾಗಿರಬೇಕು ಅಂದುಕೊಂಡು ಸುಮ್ಮನಾದೆ.

ಎರಡು ತಿಂಗಳಿಗೆ ಅಣವೀರಪ್ಪನವರು ಕೆಂಡವಾಗಿ ಬಂದರು. "ಏನ್ ಮಾಡೀರಿ ಸುನೀಲಕುಮಾರ? ಬೆಂಗಳೂರಿಂದು ಹಂಗೇ ಅದ. ನಮ್ಮ ಊರುಗಳದ್ದು ಪೂರಾ ನಿಂತದ! ಅಲ್ಲಿಂದೇ ಹೆಚ್ಚು ಮಷಿನ್ ಹೋಗ್ತಿದ್ವು."

"ಅವು ಜಾಹೀರಾತಿನಿಂದ ಬಂದದ್ದಂತ ನೀವು ಹೇಳಲೇ ಇಲ್ಲಲ್ರಿ?"

"ನಮಗೇನ್ ಗೊತ್ತ್ರಿ? ಆ ಹುಡುಗಿ ಗಿರಾಕಿ ಹೆಸರು ಹೇಳ್ತಿದ್ಲು, ನಾವು ಮಷಿನ್ ಕಳಸ್ತಿದ್ವಿ."

ನನಗೆ ನಾಚಿಕೆಯಾಯಿತು. ಅವಳನ್ನು ತಿರುಗಿ ಕರೆಯಲು ಮಾಲೀಕರನ್ನು ಒಪ್ಪಿಸಿ ಅಂದೇ ಕಮಲಾಪುರಕ್ಕೆ ಹೋದೆ. ಮಲ್ಲಿಕಾ ಬಸ್ ಸ್ಟ್ಯಾಂಡ್ ಹತ್ತಿರದ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಕೈಯಿಂದ.

"ತಪ್ಪು ನಂದೇ. ಫಾರ್ಮ್ ಕನ್ನಡದಾಗ ಮಾಡ್ತೀನಿ, ಮಿಸ್ಡ್ ಕಾಲೂ ಲೆಕ್ಕಕ್ಕ ತಗೋತೀನಿ. ತಿರುಗಿ ಬಾ ಮಲ್ಲಿಕಾ."

ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. ಮುಖದಲ್ಲಿ ಸಿಟ್ಟೂ ಇರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು.

"ಬ್ಯಾಡ್ರಿ ಸರ್. ಕೆಲಸ ಹೋದ ಆ ವಾರದಾಗ, ಏನರೆ ದಾರಿ ತೋರಸ್ತೀರೇನೋ ಅಂತ ನಿಮಗೂ ಒಂದು ಮಿಸ್ಡ್ ಕಾಲ್ ಕೊಟ್ಟಿದ್ದೆ. ಫೋನ್ ಕೈಯಾಗೇ ಹಿಡ್ಕೊಂಡು ಕುಂತಿದ್ದೆ," ಎಂದಳು. "ನೀವು ತಿರುಗಿ ಮಾಡಲಿಲ್ರಿ."