ಬರೆಯದೇ ಉಳಿದ ಬದಿನೋಟ

ಆಳಂದದ ಆ ಬಂಗಾರದಂಗಡಿಯಲ್ಲಿ ಗಿರಾಕಿ ತಂದ ಚಿತ್ರ ಮೊದಲು ಅಮೃತಳ ಮೇಜಿಗೆ ಬರಬೇಕು. ಅವಳು ಸೈ ಅಂದರೆ ಮಾತ್ರ ಒಳಗೆ ಕೂತ ಖಂಡಪ್ಪ ಪತ್ತಾರ ಬಂಗಾರ ಕರಗಿಸುತ್ತಾನೆ. ಮುಂದಿನಿಂದ ಹೇಗೆ ಕಾಣುತ್ತದೆ, ಬದಿಯಿಂದ ಹೇಗೆ, ದಪ್ಪ ಎಷ್ಟು, ಕೊಂಡಿ ಎಲ್ಲಿ, ಇಷ್ಟೂ ಇರದ ಚಿತ್ರವನ್ನು ಅವನು ಮುಟ್ಟುವುದಿಲ್ಲ. ಹಿಂದೊಮ್ಮೆ ಊಹೆಯ ಮೇಲೆ ಮಾಡಿ, ಗಿರಾಕಿಯ ಬಾಯಿಗೆ ಸಿಕ್ಕು, ಎಲ್ಲ ಕರಗಿಸಿ ಮತ್ತೆ ಮಾಡಿದವನು.

ಅಜೀಜಾಬಿ ಬಿಚ್ಚಿಟ್ಟ ನೋಟ್‌ಬುಕ್ಕಿನ ಹಾಳೆಯನ್ನು ಅಮೃತ ಕಂಡಕೂಡಲೇ ಗುರುತು ಹಿಡಿದಳು. ಬಾಲ ಬಿಚ್ಚಿದ ನವಿಲಿನ ಕಿವಿಯೋಲೆ. ಹೋದ ವರ್ಷ ಇದನ್ನು ತಂದವಳು ಸಾಯಿರಾ. ಖಜೂರಿ ಹಳ್ಳಿಯ ಹುಡುಗಿ, ತನ್ನ ಮದುವೆಗೆ ತಾನೇ ಬರೆದದ್ದು. ಅಮೃತ ಅಂದು ನೋಡಿ, "ಚಂದ ಅದ, ಆದ್ರ ಬದಿನೋಟ ಇಲ್ಲ. ಬರ್ಕೊಂಡ್ ಬಾ," ಎಂದು ತಿರುಗಿಸಿ ಕಳಿಸಿದ್ದಳು. ಬಸ್ಸಿಗೆ ಹೊತ್ತಾಯಿತೆಂದು ಸಾಯಿರಾ ನಗುತ್ತಲೇ ಓಡಿದ್ದಳು.

"ಸಾಯಿರಾ ಬರಲಿಲ್ಲೇನ್ರಿ?" ಎಂದಳು ಅಮೃತ.

"ಹೋದಳು ಬೇಟಿ. ಇಲ್ಲಿಂದ ಬಂದ ಎಂಟು ದಿನಕ್ಕ. ಡೆಂಗಿ."

ಅಜೀಜಾಬಿಯ ಪಕ್ಕದಲ್ಲಿ ಕಿರಿಮಗಳು, ಸಾಯಿರಾಳ ತಂಗಿ ಮಸರತ ಕೂತಿದ್ದಳು. ಅವಳ ನಿಕಾಹ್ ಮುಂದಿನ ತಿಂಗಳು. ಸಾಯಿರಾಳ ನಾಲ್ಕು ತೊಲದ ಬಳೆ ಕರಗಿಸಿ ಈ ಓಲೆ ಮಾಡಿಸಬೇಕು.

"ಒಂದ್ ಗೆರಿ ಸೈತ ಬದಲಾಗಬಾರದು," ಎಂದಳು ಅಜೀಜಾಬಿ.

ಅಮೃತ ಚಿತ್ರದ ನಕಲು ತೆಗೆದು ರಟ್ಟಿಗೆ ಅಂಟಿಸಿ ಕತ್ತರಿಸಿದಳು. ಬಂಗಾರ ಎಲ್ಲೆಲ್ಲಿ ದಟ್ಟವಾಗಿ ಕೂಡುತ್ತದೋ ಅಲ್ಲಲ್ಲಿ ಮಣ್ಣಿನ ಚೂರು ಮೆತ್ತಿದಳು. ಕೊಂಡಿಯ ಜಾಗಕ್ಕೆ ಗುಂಡುಸೂಜಿ ಚುಚ್ಚಿ ಎತ್ತಿ ಹಿಡಿದಳು. ಬಾಲ ಸರ್ರನೆ ಕೆಳಗಿಳಿಯಿತು, ನವಿಲು ಮುಗಿಲಿಗೆ ಮುಖ ಮಾಡಿತು.

ಖಂಡಪ್ಪ ಒಳಗಿಂದ ಬಂದು ಚಷ್ಮಾ ಏರಿಸಿದ. "ನವಿಲು ಕೋಳಿ ಹಾಂಗ ಕೂಗಾಕತ್ತದಲ್ಲ!" ಎಂದ. ಯಾರೂ ನಗಲಿಲ್ಲ. ಅವನು ದನಿ ತಗ್ಗಿಸಿ ಬಾಲದ ಮೇಲೆ ಬೆರಳಿಟ್ಟ. "ಈ ಜೋಡಿ ಗೆರಿ ಏನವ್ವಾ? ಎರಡು ತಂತಿಯೋ, ನಡುವ ತುಂಬಿದ ಪಟ್ಟಿಯೋ? ತಂತಿ ಅಂದ್ರ ಒಂದೊಂದು ಓಲಿ ಒಂಬತ್ತು ಗ್ರಾಂ, ಬಾಲಾನೂ ಹಗುರ. ಪಟ್ಟಿ ಅಂದ್ರ ಇಪ್ಪತ್ತು, ಜೋಡಿಗೆ ಪೂರಾ ನಾಲ್ಕು ತೊಲ."

ಎಲ್ಲರೂ ಅಜೀಜಾಬಿಯನ್ನು ನೋಡಿದರು.

"ನನಗೇನ್ ಗೊತ್ತು? ಬರ್ದಾಕಿಗೆ ಗೊತ್ತು," ಎಂದಳು ಅವಳು. ಆಮೇಲೆ, "ನಾಲ್ಕು ತೊಲಾನೂ ಹಾಕ್ರಿ. ಆಕಿ ಬಂಗಾರ ಒಂದ್ ಚೂರೂ ಉಳೀಬಾರದು."

ಅಮೃತ ಇಪ್ಪತ್ತು ಗ್ರಾಂ ಮಣ್ಣು ತೂಗಿ, ಉಂಡೆ ಮಾಡಿ, ದಾರ ಕಟ್ಟಿ ಮಸರತಳ ಕಿವಿಯ ರಿಂಗಿಗೆ ನೇತುಹಾಕಿದಳು. ಹಾಲೆ ಜಗ್ಗಿತು, ತೂತು ಸೀಳಿನಂತೆ ಉದ್ದವಾಯಿತು. ಮಸರತ ತುಟಿ ಕಚ್ಚಿ ಅಲ್ಲಾಡದೆ ಕೂತಳು.

"ತಡೀತಾಳ," ಎಂದಳು ಅಜೀಜಾಬಿ. "ಒಂದ್ ದಿನದ ಮಾತು."

"ಇಲ್ಲ ಅಮ್ಮಿ," ಎಂದಳು ಮಸರತ. ದಾರ ತಾನೇ ಬಿಚ್ಚಿದಳು. "ಕಿವಿ ಹರಿತದ. ನಾನು ಸಾಯಿರಾ ಆಪಾ ಅಲ್ಲ."

ಅಜೀಜಾಬಿ ಆ ಉಂಡೆಯನ್ನು ಅಂಗೈಯಲ್ಲಿ ತೂಗಿ ನೋಡಿ ಮೇಜಿನ ಮೇಲಿಟ್ಟಳು.

ಅಮೃತ ಬಿಳಿ ಹಾಳೆ ಎಳೆದುಕೊಂಡಳು. "ಖಾಲಾ, ತಂತಿ ಅಂತ ಹಿಡಿಯೋಣ. ಬದಿನೋಟ ನಾನೇ ಬರೀತೇನಿ. ಕೊಂಡಿ ಬಾಲದ ಕಡಿ ಒಂದೀಟು ಸರಿಸ್ತೇನಿ, ಕೂದಲಿಗೆ ಸಿಗಸೋ ಸಹಾರಾ ಸರಪಳಿ ಹಾಕ್ತೇನಿ. ಹಗುರ ಕೂಡತದ. ಎರಡನೇ ಕಿವಿ ನವಿಲು ಮುಖ ಆಚಿಕಡಿ ಮಾಡತದ. ಖಂಡಪ್ಪ ಕಾಕಾಗ ಒಂದೂ ಅನುಮಾನ ಉಳಿಯಂಗಿಲ್ಲ."

ಐದು ನಿಮಿಷದಲ್ಲಿ ಬರೆದು ಮುಗಿಸಿದಳು. ಮುಂದಿನ ನೋಟ, ಬದಿಯ ನೋಟ, ಎಡ, ಬಲ, ಅಳತೆ, ತೂಕ. ಖಂಡಪ್ಪ ನೋಡಿ ತಲೆಯಾಡಿಸಿದ. "ಈಗ ಕಣ್ಮುಚ್ಚಿ ಮಾಡ್ತೇನಿ."

ಅಜೀಜಾಬಿ ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದಳು. "ಚಂದ ಅದ. ಇದು ನಿಂದು," ಎಂದಳು. ಆಮೇಲೆ ತಲೆ ಎತ್ತದೆಯೇ ಅಂದಳು: "ಆವತ್ತು ಆಕಿ ಬಂದಾಗ, ಹಿಂಗೇ ಕುಂದ್ರಿಸಿ, ತಂತಿಯೋ ಪಟ್ಟಿಯೋ ಕೇಳಿ ನೀನೇ ಬರೀಬೇಕಿತ್ತು. ಐದು ನಿಮಿಷ ಹಿಡೀತು ಈಗ."

ಆ ದಿನ ಅಂಗಡಿಯಲ್ಲಿ ಬೇರೆ ಗಿರಾಕಿ ಯಾರೂ ಇರಲಿಲ್ಲ. ಅದು ಅಮೃತಳಿಗೆ ಚೆನ್ನಾಗಿ ನೆನಪಿತ್ತು. ಊಟದ ಹೊತ್ತಾಗಿತ್ತು, ಅಷ್ಟೇ.

"ಮಸರತಗ ನಿನ್ನ ಓಲಿ ಮಾಡ್ರಿ. ಬಂಗಾರ ಬ್ಯಾರೆ ತರ್ತೇನಿ," ಎಂದಳು ಅಜೀಜಾಬಿ. ಬಳೆಗಳನ್ನು ಮತ್ತೆ ಕರವಸ್ತ್ರದಲ್ಲಿ ಗಂಟು ಹಾಕಿದಳು. ಸಾಯಿರಾಳ ಹಾಳೆಯನ್ನು ಹಳೆಯ ಮಡಿಕೆಗಳಲ್ಲೇ ಮಡಿಚಿದಳು. ಮೇಜಿನ ಮೇಲಿದ್ದ ರಟ್ಟಿನ ನವಿಲಿನತ್ತ ಕೈ ಚಾಚಿ, "ಇದು ಬೇಕೇನು ನಿಮಗ?" ಎಂದಳು.

"ಇಲ್ರಿ."

ಅಜೀಜಾಬಿ ಅದಕ್ಕೆ ಮೆತ್ತಿದ್ದ ಮಣ್ಣನ್ನು ಉಗುರಿನಿಂದ ಒಂದೊಂದೇ ಕೆರೆದು ತೆಗೆದು, ರಟ್ಟನ್ನು ಬಳೆಯ ಗಂಟಿನೊಳಗೆ ಸಿಗಿಸಿಕೊಂಡಳು. ಮಸರತ ಕೆಂಪಾದ ಕಿವಿ ತಿಕ್ಕಿಕೊಳ್ಳುತ್ತ ತಾಯಿಯ ಹಿಂದೆ ಮೆಟ್ಟಿಲಿಳಿದಳು.