ಬೋಣಿಗೆ ಬಂದ ಗಿಟಾರ್

ಬಳೇಪೇಟೆಯ ವಾದ್ಯದ ಅಂಗಡಿ ಆಗಷ್ಟೇ ಬಾಗಿಲು ತೆರೆದಿತ್ತು. ಬಳೆ ವ್ಯಾಪಾರದ ಶಂಭುಲಿಂಗಪ್ಪ ತಮ್ಮನ ಮಗಳು ಶರಣ್ಯಳನ್ನು ಅಷ್ಟು ಬೇಗ ಕರೆತಂದದ್ದು, ಗೆಳೆಯ ವೆಂಕಟರಾಮಪ್ಪನಿಗೆ ಒಳ್ಳೆಯ ಬೋಣಿ ಆಗಲಿ ಎಂದು. ದಿನದ ಮೊದಲ ಗಿರಾಕಿ ಬರಿಗೈಯಲ್ಲಿ ಎದ್ದು ಹೋಗುವುದು ಪೇಟೆಯಲ್ಲಿ ಇಲ್ಲ. ಶರಣ್ಯಳಿಗೆ ಇದು ಗೊತ್ತಾದದ್ದು ಒಳಗೆ ಕೂತು, ಕಾಫಿ ಕುಡಿದ ಮೇಲೆ.

"ಗಿಟಾರ್ ಒಂದೇ ಸಲ ಕೊಡಿಸೋದು. ಮೂಲೆ ಸೇರಿದ್ರೆ ಮತ್ತೆ ಈ ಮಾತೇ ಬೇಡ," ಎಂದರು ದೊಡ್ಡಪ್ಪ.

ವೆಂಕಟರಾಮಪ್ಪ ಅವಳ ತೊಡೆಯ ಮೇಲೆ ಕೊಂಬಿನಂತೆ ಚಾಚಿದ ಅಂಚಿನ ಕೆಂಪು ಎಲೆಕ್ಟ್ರಿಕ್ ಗಿಟಾರ್ ಇಟ್ಟರು. ತಂತಿಗಳ ಬುಡವನ್ನು ಹಿಡಿದ ಬ್ರಿಡ್ಜ್ ಬಿಗಿಯಾಗಿರದೆ ಸ್ಪ್ರಿಂಗಿನ ಮೇಲೆ ತೇಲುತ್ತಿತ್ತು. ಪಕ್ಕಕ್ಕೆ ಸೊಂಟದೆತ್ತರದ ಹಳೆಯ ಸ್ಟೇಜ್ ಆಂಪ್ಲಿಫೈಯರ್ ಬಂತು.

"ರಾಕ್ ಮ್ಯೂಸಿಕ್‌ಗೆ ಅಂದ್ರೆ ಇದೇ ಕಣಮ್ಮ."

"ಒಂದು ತಂತಿ ಇಳಿಸಿ, ಮತ್ತೆ ಶ್ರುತಿ ಮಾಡಿ ತೋರಿಸ್ತೀರಾ ಅಂಕಲ್?"

ಅವರು ದಪ್ಪ ತಂತಿ ಇಳಿಸಿದರು. ಬ್ರಿಡ್ಜ್ ವಾಲಿ ಉಳಿದ ಐದರ ಶ್ರುತಿಯೂ ಏರಿತು. ಅವನ್ನು ಸರಿಮಾಡುವಷ್ಟರಲ್ಲಿ ಮೊದಲನೆಯದು ಮತ್ತೆ ತಪ್ಪಿತು. ಕಾಫಿ ಲೋಟ ಒಣಗಿದರೂ ಅವರು ಬಿರಡೆ ತಿರುಗಿಸುತ್ತಲೇ ಇದ್ದರು.

"ನಿಮಗೇ ಇಷ್ಟು ಹೊತ್ತು. ನನಗೆ ನುಡಿಸೋಕೆ ಟೈಮ್ ಎಲ್ಲಿರುತ್ತೆ?"

"ಅಭ್ಯಾಸ ಆಗುತ್ತೆ ಬಿಡಮ್ಮ."

"ಇದಕ್ಕೆ ಹೆಡ್‌ಫೋನ್ ಎಲ್ಲಿ ಹಾಕೋದು?" ಅವಳು ಆಂಪ್ಲಿಫೈಯರಿನ ಸುತ್ತ ತಡಕಿದಳು. ತೂತೇ ಇರಲಿಲ್ಲ. ಚಾಮರಾಜಪೇಟೆಯ ತಮ್ಮ ವಠಾರದಲ್ಲಿ ಒಂದೇ ಗೋಡೆಯ ಆಚೆ ಪಕ್ಕದ ಮನೆಯ ಸಂಧ್ಯಕ್ಕನ ಹಸುಗೂಸು ಮಲಗಿರುತ್ತದೆ. ಇದನ್ನು ಒಯ್ದರೆ ಎರಡನೆಯ ದಿನವೇ ಮೂಲೆ.

"ದೊಡ್ಡಪ್ಪ, ಇದು ಬೇಡ."

"ಬೋಣಿ ಹೊತ್ತಲ್ಲಿ ಬೇಡ ಅನ್ಬಾರ್ದು," ದೊಡ್ಡಪ್ಪ ತಗ್ಗಿದ ದನಿಯಲ್ಲಿ ಅಂದರು. "ನನ್ನ ಮುಖ ನೋಡಾದ್ರೂ ತಗೋ."

ಶರಣ್ಯ ಸುತ್ತ ನೋಡಿದಳು. ಗಾಜಿನ ಕಪಾಟಿನಲ್ಲಿ ತಂತಿ ಮೀಟುವ ಪ್ಲಾಸ್ಟಿಕ್ ಬಿಲ್ಲೆಗಳು ಕಂಡವು. ಅವಳು ಪರ್ಸು ತೆಗೆದು, ತನ್ನದೇ ಐವತ್ತರ ನೋಟನ್ನು ಎರಡೂ ಕೈಯಲ್ಲಿ ಹಿಡಿದಳು.

"ಎರಡು ಪಿಕ್ ಕೊಡಿ ಅಂಕಲ್. ಬೋಣಿ."

ವೆಂಕಟರಾಮಪ್ಪ ಎರಡು ಪಿಕ್ ಅವಳ ಮುಂದಿಟ್ಟು ನೋಟು ತೆಗೆದುಕೊಂಡರು. ಬೋಣಿಯ ನೋಟನ್ನು ಬೇಡ ಅನ್ನುವಂತಿಲ್ಲ. ಕಣ್ಣಿಗೊತ್ತಿಕೊಂಡು ಗಲ್ಲಾಕ್ಕೆ ಹಾಕಿದರು.

"ಏನ್ ಶಂಭು, ಇಂಥ ಚುರುಕಿನ ಹುಡುಗೀನ ವ್ಯಾಪಾರಕ್ಕೆ ನಿನ್ನ ಬಳೆ ಅಂಗಡೀಲೇ ಕೂರಿಸ್ಬೇಕಿತ್ತು."

"ಬಾಯಿ ಮುಚ್ಕೊಂಡು ಬೇರೆದು ತೋರ್ಸಪ್ಪ," ಎಂದರು ದೊಡ್ಡಪ್ಪ. ಕಿವಿ ಕೆಂಪಾಗಿತ್ತು.

ಅಟ್ಟದಿಂದ ಬಣ್ಣಗೆಟ್ಟ ಕಪ್ಪು ಗಿಟಾರ್ ಇಳಿಯಿತು. ಬ್ರಿಡ್ಜ್ ಅಲುಗದಂತೆ ಬಿಗಿದಿತ್ತು. ಅದರ ಹತ್ತಿರ ತಂತಿಯ ಮಿಡಿತ ಹಿಡಿದು ರಾಕ್‌ಗೆ ಬೇಕಾದ ದಪ್ಪ ದನಿ ಕೊಡುವ ಹಂಬಕರ್ ಪಿಕಪ್ ಇತ್ತು. ಶರಣ್ಯ ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿಗಳ, ಫ್ರೆಟ್‌ಗಳ, ಅಂಚನ್ನು ಬೆರಳಿನಿಂದ ಸವರಿದಳು, ಚುಚ್ಚಲಿಲ್ಲ. ಪಟ್ಟಿಗಳ ನಡುವಿನ ಒಂದೊಂದು ಮನೆಯನ್ನೂ ಒತ್ತಿ ಮೀಟಿದಳು, ತಂತಿ ಎಲ್ಲೂ ತಗುಲಿ ಗೊರಗುಟ್ಟಲಿಲ್ಲ. ತೊಡೆಗೆ ಭಾರವೂ ಇರಲಿಲ್ಲ. ಜೊತೆಗೆ ಹತ್ತು ವ್ಯಾಟಿನ ಪುಟ್ಟ ಆಂಪ್ಲಿಫೈಯರ್. ಹೆಡ್‌ಫೋನ್ ಸಿಕ್ಕಿಸಿ, ದನಿಯನ್ನು ಒರಟಾಗಿಸುವ ಗೇನ್ ಗುಂಡಿ ಏರಿಸಿ, ಬಲವಾಗಿ ಮೀಟಿದಳು. ಬೆನ್ನು ನೆಟ್ಟಗಾಯಿತು.

ದೊಡ್ಡಪ್ಪ ಬಗ್ಗಿ ನೋಡಿದರು. "ತಂತಿ ಚಿಟಿಚಿಟಿ ಅಂತಿದೆ ಅಷ್ಟೆ. ಕೆಟ್ಟಿದ್ಯೇನೋ ವೆಂಕಟರಾಮ?"

ಶರಣ್ಯ ಹೆಡ್‌ಫೋನ್ ತೆಗೆದು ಅವರ ಕಿವಿಗಿಟ್ಟಳು. ಇನ್ನೊಮ್ಮೆ ಮೀಟಿದಳು.

"ಅಮ್ಮಯ್ಯಾ," ಎಂದು ದೊಡ್ಡಪ್ಪ ಎದೆ ಹಿಡಿದುಕೊಂಡರು. "ಪ್ಯಾಕ್ ಮಾಡಪ್ಪ."